ಅಜೆಂಡಾದೊಳಗೇ ಇರುವ ಅರ್ಧ ನಡಾವಳಿ

ಸಭೆಯ ನಡಾವಳಿಯಲ್ಲಿ ಎರಡು ಬಗೆಯ ಬರಹ ಬೆರೆತಿರುತ್ತದೆ. ಸಭೆ ಸೇರುವ ಮೊದಲೇ ಗೊತ್ತಿರುವುದು ಒಂದು, ಸಭೆ ನಡೆದಾಗ ಮಾತ್ರ ಗೊತ್ತಾಗುವುದು ಇನ್ನೊಂದು. ಸಂಘದ ಹೆಸರು, ದಿನಾಂಕ, ಸ್ಥಳ, ನಿರ್ದೇಶಕರ ಹೆಸರುಗಳು, ವಿಷಯಗಳ ಕ್ರಮ, ಪ್ರತಿ ವಿಷಯದ ಹಿನ್ನೆಲೆ, ಅದಕ್ಕೆ ಸಂಬಂಧಿಸಿದ ಪತ್ರಗಳು, ಮೊತ್ತಗಳು, ಇವೆಲ್ಲ ಮೊದಲನೆಯ ಬಗೆ. ಯಾರು ಬಂದರು, ಏನು ತೀರ್ಮಾನವಾಯಿತು, ಯಾರು ಸೂಚಿಸಿದರು, ಯಾರು ಒಪ್ಪಲಿಲ್ಲ, ಕೆಲಸ ಯಾರ ಹೆಗಲಿಗೆ ಬಿತ್ತು ಎಂಬುದು ಎರಡನೆಯದು. ನಡಾವಳಿ ಬರೆಯುವವರು ಸಭೆಯಲ್ಲಿ ಕುಳಿತು ಎರಡನ್ನೂ ಒಟ್ಟಿಗೆ ಬರೆಯಲು ಹೊರಟಾಗ ಮೊದಲನೆಯದು ಎರಡನೆಯದರ ಸಮಯವನ್ನು ತಿಂದುಹಾಕುತ್ತದೆ. ವಿಷಯದ ಶೀರ್ಷಿಕೆ ಬರೆದು ಮುಗಿಸುವಷ್ಟರಲ್ಲಿ ಒಬ್ಬರು ಸೂಚಿಸಿ, ಇನ್ನೊಬ್ಬರು ಅನುಮೋದಿಸಿ, ಮಾತು ಮುಂದಿನ ವಿಷಯಕ್ಕೆ ಹೊರಳಿರುತ್ತದೆ.

ಇದಕ್ಕೆ ಇರುವ ಉಪಾಯ ಸರಳ. ಅಜೆಂಡಾ ಸಿದ್ಧವಾದ ಕೂಡಲೇ ಅದರಿಂದ ನಡಾವಳಿಯ ಒಂದು ಅಸ್ಥಿಪಂಜರವನ್ನು ಬರೆದಿಟ್ಟುಕೊಳ್ಳುವುದು. ಮೊದಲೇ ಗೊತ್ತಿರುವುದೆಲ್ಲ ಅದರಲ್ಲಿ ಪೂರ್ತಿ ವಾಕ್ಯಗಳಲ್ಲಿ ಇರುತ್ತದೆ. ಸಭೆಯಲ್ಲಿ ತಿಳಿಯಬೇಕಾದದ್ದಕ್ಕೆ ಖಾಲಿ ಜಾಗ ಇರುತ್ತದೆ. ಕಚೇರಿಯ ಮಾತಿನಲ್ಲಿ ಇದನ್ನು ಕರಡು ನಮೂನೆ ಎನ್ನಬಹುದು. ಈ ಉಪಾಯದಲ್ಲಿ ಜಾಣತನ ಬೇಕಾಗುವುದು ತುಂಬುವುದಕ್ಕಿಂತ ಹೆಚ್ಚಾಗಿ, ಯಾವುದನ್ನು ತುಂಬಬಾರದು ಎಂದು ನಿರ್ಧರಿಸುವಲ್ಲಿ.

ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಮಾಸಿಕ ಆಡಳಿತ ಮಂಡಳಿ ಸಭೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸಂಘ ಕಲ್ಪಿತ, ಆದರೆ ಸಭೆಯ ಬಗೆ ಕರ್ನಾಟಕದ ಊರೂರಿನಲ್ಲಿ ಕಾಣುವಂಥದು. ಹನ್ನೊಂದು ನಿರ್ದೇಶಕರು, ಒಬ್ಬ ಕಾರ್ಯದರ್ಶಿ. ಬೆಳಗಿನ ಹಾಲು ಅಳೆದು ಕ್ಯಾನುಗಳು ಲಾರಿ ಏರಿದ ಮೇಲೆ, ಹತ್ತೂವರೆಗೆ ಸಭೆ. ಇಲ್ಲಿ ಕಾರ್ಯದರ್ಶಿಯ ಪಾಡು ವಿಶೇಷವಾದದ್ದು. ಲೆಕ್ಕ ಓದುವವರು ಅವರೇ, ಬಟವಾಡೆ ಏಕೆ ತಡವಾಯಿತು ಎಂಬ ಪ್ರಶ್ನೆಗೆ ಉತ್ತರಿಸುವವರು ಅವರೇ, ಕಡತ ಹುಡುಕಿ ಕೊಡುವವರೂ ಅವರೇ. ನಡಾವಳಿಯನ್ನೂ ಅವರೇ ಬರೆಯಬೇಕು. ಬಾಯಿ ಮತ್ತು ಕೈ ಒಟ್ಟಿಗೆ ಕೆಲಸ ಮಾಡಲಾರವು. ಹಾಗಾಗಿ ಕೈಗೆ ಕೆಲಸ ಕಡಿಮೆ ಇರಬೇಕು.

ಆ ತಿಂಗಳ ಅಜೆಂಡಾದಲ್ಲಿ ಆರು ವಿಷಯಗಳಿವೆ: ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು, ಕಳೆದ ತಿಂಗಳ ಜಮಾ-ಖರ್ಚಿಗೆ ಮಂಜೂರಾತಿ, ಹೊಸ ಸದಸ್ಯತ್ವದ ಅರ್ಜಿಗಳು, ಹಾಲು ಪರೀಕ್ಷಾ ಯಂತ್ರದ ಖರೀದಿ, ವಾರ್ಷಿಕ ಮಹಾಸಭೆಯ ದಿನಾಂಕ, ಕೊನೆಗೆ ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು. ಸಭೆಯ ತಿಳುವಳಿಕೆ ಪತ್ರ ಹೊರಡುವ ದಿನವೇ ಕರಡು ನಮೂನೆಯನ್ನೂ ಕೂರಿಸುವುದು ಒಳ್ಳೆಯದು. ಆಗ ಪ್ರತಿ ವಿಷಯದ ಕಡತ ಹೇಗೂ ಮೇಜಿನ ಮೇಲೆ ಇರುತ್ತದೆ.

ಮೊದಲ ಹಾಳೆ ತಲೆಬರಹ ಮತ್ತು ಹಾಜರಾತಿಯದು. ತಲೆಬರಹದಲ್ಲಿ ಸಂಘದ ಹೆಸರು, ಸಭೆಯ ಬಗೆ, ದಿನಾಂಕ, ನಿಗದಿಯಾದ ವೇಳೆ, ಸ್ಥಳ, ತಿಳುವಳಿಕೆ ಪತ್ರ ಹೊರಡಿಸಿದ ದಿನಾಂಕ ಇಷ್ಟನ್ನೂ ತುಂಬಿಬಿಡಬಹುದು. ಸಭೆ ನಿಜವಾಗಿ ಆರಂಭವಾದ ವೇಳೆಯನ್ನು ಮಾತ್ರ ಖಾಲಿ ಬಿಡಬೇಕು. ಹತ್ತೂವರೆ ಎಂದು ಕರೆದ ಸಭೆ ಹತ್ತೂವರೆಗೇ ಶುರುವಾಗುವುದು ಅಪರೂಪ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಧ್ಯಕ್ಷತೆ ವಹಿಸಿದವರ ಹೆಸರಿನ ಜಾಗವೂ ಖಾಲಿಯೇ ಇರಲಿ. ಅಧ್ಯಕ್ಷರು ಆ ದಿನ ಬರದೆ ಉಪಾಧ್ಯಕ್ಷರು ಕೂರಬಹುದು.

ಹಾಜರಾತಿಗೆ ಹನ್ನೊಂದು ಹೆಸರುಗಳನ್ನೂ ಕ್ರಮಸಂಖ್ಯೆ ಕೊಟ್ಟು ಬರೆದು, ಮುಂದೆ ಮೂರು ಅಂಕಣ ಎಳೆಯಬೇಕು: ಬಂದ ವೇಳೆ, ಹೋದ ವೇಳೆ, ಸಹಿ. ಈ ಕ್ರಮಸಂಖ್ಯೆಯೇ ಇಡೀ ನಮೂನೆಯ ಕೀಲಿ. ಒಬ್ಬ ನಿರ್ದೇಶಕರಿಗೆ ಒಮ್ಮೆ ಕೊಟ್ಟ ಸಂಖ್ಯೆ ಆ ಮಂಡಳಿಯ ಅವಧಿ ಮುಗಿಯುವವರೆಗೆ ಬದಲಾಗಬಾರದು. ಆಗ ಸಭೆಯಲ್ಲಿ ‘ಸೂ 7, ಅ 2’ ಎಂದು ಗೀಚಿದರೆ ಏಳನೆಯವರು ಸೂಚಕರು, ಎರಡನೆಯವರು ಅನುಮೋದಕರು ಎಂದಾಯಿತು. ಎರಡು ಪೂರ್ತಿ ಹೆಸರು ಬರೆಯುವ ಕೆಲಸ ನಾಲ್ಕು ಗೀಟಿನಲ್ಲಿ ಮುಗಿಯುತ್ತದೆ. ಒಂದೇ ಊರಿನ ಸಂಘದಲ್ಲಿ ಒಂದೇ ಹೆಸರಿನ ಇಬ್ಬರು, ಒಂದೇ ಮನೆತನದ ಮೂವರು ಇರುವುದು ಸಾಮಾನ್ಯವಾದ್ದರಿಂದ ಸಂಖ್ಯೆಯಲ್ಲಿ ಗೊಂದಲವೂ ಕಡಿಮೆ. ಎರಡು ಮೂರು ಸಭೆ ಕಳೆದ ಮೇಲೆ ಸಂಖ್ಯೆಗಳು ತಾವಾಗಿ ನೆನಪಿಗೆ ಬರುತ್ತವೆ.

ಬಂದ ಮತ್ತು ಹೋದ ವೇಳೆಯ ಅಂಕಣಗಳು ಶಿಸ್ತಿಗಾಗಿ ಮಾತ್ರ ಇರುವುದಲ್ಲ. ಬೈಲಾದ ಪ್ರಕಾರ ಕೋರಂಗೆ ಆರು ಜನ ಬೇಕು ಎಂದಿಟ್ಟುಕೊಳ್ಳೋಣ. ಏಳು ಜನರಿಂದ ಶುರುವಾದ ಸಭೆಯಿಂದ ಇಬ್ಬರು ನಡುವೆ ಎದ್ದುಹೋದರೆ ಅಲ್ಲಿಂದ ಮುಂದಿನ ತೀರ್ಮಾನಗಳ ಗತಿ ಏನು ಎಂಬ ಪ್ರಶ್ನೆ ಏಳುತ್ತದೆ. ಅವರು ಯಾವ ವಿಷಯದ ಹೊತ್ತಿಗೆ ಎದ್ದರು ಎಂಬುದು ದಾಖಲಾಗಿರದಿದ್ದರೆ ಆರು ತಿಂಗಳ ನಂತರ ಯಾರೂ ಹೇಳಲಾರರು. ಆದ್ದರಿಂದ ಕೋರಂ ಸಂಖ್ಯೆಯನ್ನು ಬೈಲಾ ನೋಡಿ ಹಾಜರಾತಿಯ ಕೆಳಗೇ ಅಚ್ಚುಕಟ್ಟಾಗಿ ಬರೆದಿಡಬೇಕು, ಪಕ್ಕದಲ್ಲಿ ‘ಹಾಜರಿದ್ದವರು ____’ ಎಂಬ ಖಾಲಿ ಜಾಗ ಬಿಡಬೇಕು.

ಎರಡನೆಯ ಹಾಳೆಯಿಂದ ವಿಷಯಗಳು ಶುರು. ಒಂದು ವಿಷಯಕ್ಕೆ ಒಂದು ಬಿಡಿ ಹಾಳೆ ಎಂಬ ನಿಯಮ ಇಟ್ಟುಕೊಂಡರೆ ಬಹಳ ತೊಂದರೆ ತಪ್ಪುತ್ತದೆ. ಸಭೆಗಳು ಅಜೆಂಡಾದ ಕ್ರಮದಲ್ಲೇ ಸಾಗುವುದಿಲ್ಲ. ಮಹಾಸಭೆಯ ದಿನಾಂಕ ಮೊದಲು ಗೊತ್ತಾಗಲಿ ಎಂದು ಒಬ್ಬರು ಹಟ ಹಿಡಿಯುತ್ತಾರೆ. ಜಮಾ-ಖರ್ಚಿನ ನಡುವೆ ಯಂತ್ರದ ಮಾತು ನುಗ್ಗುತ್ತದೆ. ಎಲ್ಲ ವಿಷಯಗಳು ಒಂದೇ ಹಾಳೆಯಲ್ಲಿ ಒತ್ತೊತ್ತಾಗಿದ್ದರೆ ಬಾಣದ ಗುರುತು, ನಕ್ಷತ್ರ, ‘ಮೇಲೆ ನೋಡಿ’ ಎಂಬ ಟಿಪ್ಪಣಿಗಳಿಂದ ಪುಟ ಜೇಡರ ಬಲೆಯಾಗುತ್ತದೆ. ಬಿಡಿ ಹಾಳೆಯಿದ್ದರೆ ಆ ವಿಷಯದ ಹಾಳೆ ಮೇಲೆಳೆದು ಬರೆದು, ಮತ್ತೆ ಕೆಳಗೆ ಸೇರಿಸಿದರೆ ಆಯಿತು. ಯಾವ ಕ್ರಮದಲ್ಲಿ ಚರ್ಚೆಯಾಯಿತು ಎಂಬುದಕ್ಕೆ ಹಾಳೆಯ ಮೂಲೆಯಲ್ಲಿ ವೇಳೆ ಬರೆದರೆ ಸಾಕು.

ಈಗ ನಾಲ್ಕನೆಯ ವಿಷಯ. ಯಂತ್ರದ ಖರೀದಿ ಎಂದ ಮೇಲೆ ಹಣವಿದೆ, ಮೂರು ದರಪಟ್ಟಿಗಳಿವೆ, ಅಭಿಪ್ರಾಯಭೇದವೂ ಇರುತ್ತದೆ. ಅಜೆಂಡಾದಲ್ಲಿ ಇದು ಒಂದೇ ಸಾಲು: ‘ಹಾಲು ಪರೀಕ್ಷಾ ಯಂತ್ರ ಖರೀದಿಸುವ ಬಗ್ಗೆ’. ಕರಡು ನಮೂನೆಯಲ್ಲಿ ಅದು ಹೀಗೆ ಬಿಡಿಸಿಕೊಳ್ಳುತ್ತದೆ:

ವಿಷಯ 4: ಹಾಲು ಪರೀಕ್ಷಾ ಯಂತ್ರ ಖರೀದಿ. ಚರ್ಚೆ ಆರಂಭ ____
ಹಿನ್ನೆಲೆ: ಈಗಿನ ಯಂತ್ರ ಎರಡು ತಿಂಗಳಲ್ಲಿ ಮೂರು ಬಾರಿ ಕೆಟ್ಟಿದೆ. ದುರಸ್ತಿಗೆ ರೂ. 9,200 ಖರ್ಚಾಗಿದೆ. ಹಿಂದಿನ ಸಭೆಯ ಸೂಚನೆಯಂತೆ ಮೂರು ದರಪಟ್ಟಿಗಳನ್ನು ತರಿಸಲಾಗಿದೆ.
ದರಪಟ್ಟಿಗಳು: ಕ – ರೂ. 64,800, ಖ – ರೂ. 68,500, ಗ – ರೂ. 72,000
ಚರ್ಚೆಯ ಅಂಶಗಳು: (ಅರ್ಧ ಪುಟ ಖಾಲಿ)
ತೀರ್ಮಾನ: ಖರೀದಿ / ದುರಸ್ತಿ / ಮುಂದೂಡಿಕೆ / ಬೇರೆ ____
ಆಯ್ಕೆಯಾದ ದರಪಟ್ಟಿ ____ ಮೊತ್ತ ____
ಕಡಿಮೆ ದರದ್ದಲ್ಲದಿದ್ದರೆ ಕಾರಣ ____
ಹಣ ಯಾವ ಬಾಬತ್ತಿನಿಂದ ____ ಷರತ್ತು ____
ಸೂ ____ ಅ ____ ವಿರೋಧ ____ ಚರ್ಚೆಯಿಂದ ಹೊರಗುಳಿದವರು ____
ಜವಾಬ್ದಾರಿ ____ ಗಡುವು ____

ಹಿನ್ನೆಲೆಯಲ್ಲಿರುವ ವಾಕ್ಯಗಳೆಲ್ಲ ಕಡತದಿಂದ ಬಂದವು. ಸಭೆ ಏನೇ ತೀರ್ಮಾನಿಸಲಿ, ಅವು ಬದಲಾಗುವುದಿಲ್ಲ. ಒಂದು ವಾಕ್ಯವನ್ನು ಮೊದಲೇ ಬರೆಯಬಹುದೇ ಎಂದು ನೋಡಲು ಇದೇ ಒರೆಗಲ್ಲು. ಸಭೆ ಪೂರಾ ಉಲ್ಟಾ ಹೊಡೆದರೂ ಆ ವಾಕ್ಯ ನಿಜವಾಗಿಯೇ ಉಳಿಯುವುದಾದರೆ ಬರೆಯಬಹುದು, ಇಲ್ಲವಾದರೆ ಕೂಡದು. ಹಿನ್ನೆಲೆಯಲ್ಲಿ ‘ಹೊಸ ಯಂತ್ರದ ಅಗತ್ಯವಿದೆ’ ಎಂದು ಬರೆದರೆ ಅದು ಕಾರ್ಯದರ್ಶಿಯ ಅಭಿಪ್ರಾಯವಾಯಿತು. ‘ಮೂರು ಬಾರಿ ಕೆಟ್ಟಿದೆ’ ಎಂದರೆ ಸಂಗತಿಯಾಯಿತು.

ತೀರ್ಮಾನದ ಸಾಲಿನಲ್ಲಿ ಆಯ್ಕೆಗಳನ್ನು ಬರೆದಿಟ್ಟು ಸುತ್ತು ಹಾಕುವ ಏರ್ಪಾಡು ಸಮಯ ಉಳಿಸುತ್ತದೆ. ಆದರೆ ‘ಬೇರೆ’ ಎಂಬ ಖಾಲಿ ಜಾಗ ಇಲ್ಲದೆ ಅದನ್ನು ಮಾಡಬಾರದು. ಮಂಡಳಿಗಳು ಅಜೆಂಡಾ ಬರೆದವರು ಊಹಿಸದ ದಾರಿ ಹಿಡಿಯುತ್ತವೆ. ಆಯ್ಕೆಗಳಷ್ಟೇ ಇದ್ದರೆ ಬರೆಯುವ ಕೈ ಇರುವುದರಲ್ಲೇ ಹತ್ತಿರದ್ದಕ್ಕೆ ಸುತ್ತು ಹಾಕಿ ಮುಂದೆ ಹೋಗುತ್ತದೆ.

ಸಭೆಯ ದಿನ ಈ ಹಾಳೆಯ ಮೇಲೆ ಬಿದ್ದ ಬರಹ ಇಷ್ಟೇ ಇರಬಹುದು. ಆರಂಭ 11.20. ಚರ್ಚೆಯ ಜಾಗದಲ್ಲಿ: ‘ಕ – ಹತ್ತಿರದಲ್ಲಿ ಸರ್ವಿಸ್ ಇಲ್ಲ (7). ಖ – ತಾಲೂಕಿನಲ್ಲೇ ಸರ್ವಿಸ್. ಹಳೇದೇ ದುರಸ್ತಿ ಸಾಕು (10). ವಾರಂಟಿ ಬರಹದಲ್ಲಿ ಬೇಕು (3).’ ಖರೀದಿಗೆ ಸುತ್ತು. ಖ, 68,500. ಕಾರಣ: ಸರ್ವಿಸ್. ಷರತ್ತು: 2 ವರ್ಷ ವಾರಂಟಿ, ಬರಹದಲ್ಲಿ. ಸೂ 7, ಅ 2, ವಿರೋಧ 10. ಜವಾಬ್ದಾರಿ: ಕಾರ್ಯದರ್ಶಿ. ಗಡುವು: 20ರೊಳಗೆ. ಎಲ್ಲ ಸೇರಿ ಮೂವತ್ತು ಚಿಲ್ಲರೆ ಪದ. ಇಪ್ಪತ್ತೈದು ನಿಮಿಷದ ಚರ್ಚೆಯಲ್ಲಿ ಮೂವತ್ತು ಪದ ಬರೆಯುವುದು ಮಾತನಾಡುತ್ತಲೇ ಇರುವ ಕಾರ್ಯದರ್ಶಿಗೂ ಅಸಾಧ್ಯವಲ್ಲ.

ಒಂದು ಜಾಗ ಮಾತ್ರ ಖಾಲಿ ಉಳಿಯಿತು: ಹಣ ಯಾವ ಬಾಬತ್ತಿನಿಂದ. ಚರ್ಚೆಯ ಬಿಸಿಯಲ್ಲಿ ಅದನ್ನು ಯಾರೂ ಹೇಳಲೇ ಇಲ್ಲ. ಬಿಳಿ ಹಾಳೆಯಲ್ಲಿ ಬರೆಯುತ್ತಿದ್ದರೆ ಈ ಕೊರತೆ ಕಣ್ಣಿಗೆ ಬೀಳುತ್ತಿರಲಿಲ್ಲ. ನಮೂನೆಯಲ್ಲಿ ಗೆರೆ ಬಾಯಿಬಿಟ್ಟುಕೊಂಡು ಕೂತಿರುವುದರಿಂದ ಕಾರ್ಯದರ್ಶಿ ಮುಂದಿನ ವಿಷಯಕ್ಕೆ ಹೋಗುವ ಮುನ್ನವೇ, ‘ಅಧ್ಯಕ್ಷರೇ, ದುಡ್ಡು ಯಾವ ಬಾಬತ್ತಿಂದ ಅಂತ ಹೇಳಿಬಿಡಿ, ಬರ್ಕೋತೀನಿ’ ಎಂದು ಕೇಳಲು ಸಾಧ್ಯವಾಗುತ್ತದೆ. ಕರಡು ನಮೂನೆಯಿಂದ ಸಿಗುವ ಲಾಭಗಳಲ್ಲಿ ವೇಗಕ್ಕಿಂತ ಇದೇ ಹೆಚ್ಚು ಎನ್ನಬೇಕು. ಸಭೆ ಮುಗಿದು ಎಲ್ಲರೂ ಹೊಲಕ್ಕೆ ಹೋದ ಮೇಲೆ ಹನ್ನೊಂದು ಜನರನ್ನು ಮತ್ತೆ ಒಂದೆಡೆ ಕೂರಿಸಿ ಕೇಳುವಂತಿಲ್ಲ.

ಸಂಜೆ ಇದರಿಂದ ನಡಾವಳಿ ಬರೆಯುವಾಗ ಹಿನ್ನೆಲೆಯ ವಾಕ್ಯಗಳು ಇದ್ದಂತೆಯೇ ಇಳಿಯುತ್ತವೆ. ಮುಂದೆ ಹೀಗೆ ಸೇರುತ್ತದೆ: ‘ಮೂರೂ ದರಪಟ್ಟಿಗಳನ್ನು ಸಭೆ ಪರಿಶೀಲಿಸಿತು. “ಕ” ದರಪಟ್ಟಿಯ ದರ ಕಡಿಮೆಯಿದ್ದರೂ ಹತ್ತಿರದಲ್ಲಿ ದುರಸ್ತಿ ಸೌಲಭ್ಯ ಇಲ್ಲದಿರುವುದರಿಂದ, “ಖ” ದರಪಟ್ಟಿಯಂತೆ ರೂ. 68,500ಕ್ಕೆ ಯಂತ್ರ ಖರೀದಿಸಲು, ಎರಡು ವರ್ಷದ ವಾರಂಟಿಯನ್ನು ಬರಹದಲ್ಲಿ ಪಡೆಯುವ ಷರತ್ತಿನೊಂದಿಗೆ, ಬಹುಮತದಿಂದ ತೀರ್ಮಾನಿಸಲಾಯಿತು. ಹಳೆಯ ಯಂತ್ರದ ದುರಸ್ತಿಯೇ ಸಾಕೆಂದು ಒಬ್ಬ ನಿರ್ದೇಶಕರು ಭಿನ್ನಾಭಿಪ್ರಾಯ ದಾಖಲಿಸಿದರು.’ ಬಾಬತ್ತು, ಸೂಚಕರು, ಅನುಮೋದಕರು, ಭಿನ್ನಾಭಿಪ್ರಾಯದವರ ಹೆಸರುಗಳು, ಕಾರ್ಯದರ್ಶಿಗೆ ಕೊಟ್ಟ ಗಡುವು ಇದರ ಕೆಳಗೆ ಬರುತ್ತವೆ. ಹೆಸರುಗಳನ್ನು ಬರೆಯುವಾಗ ಸಂಖ್ಯೆಯನ್ನು ಹಾಜರಾತಿ ಪಟ್ಟಿಯೊಡನೆ ತಾಳೆ ನೋಡುವುದು ಕಡ್ಡಾಯ. 7ರ ಬದಲು 1 ಎಂದು ಓದಿಕೊಂಡರೆ ಆ ದಿನ ಬಾರದವರೇ ಸೂಚಕರಾಗಿಬಿಡುತ್ತಾರೆ.

ಚರ್ಚೆಯಲ್ಲಿ ಯಾರು ಎಷ್ಟು ಮಾತಾಡಿದರು ಎಂಬುದು ಈ ಬರಹದಲ್ಲಿ ಇಲ್ಲ. ಅಮೆರಿಕದ ಸೇನಾಧಿಕಾರಿ ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಮೊದಲು ಪ್ರಕಟಿಸಿದ ಸಭಾನಿಯಮಗಳ ಕೈಪಿಡಿ ಇಂದಿಗೂ ಪರಿಷ್ಕರಣೆಗೊಳ್ಳುತ್ತ ಬಳಕೆಯಲ್ಲಿದೆ. ನಡಾವಳಿ ಮುಖ್ಯವಾಗಿ ಸಭೆ ಏನು ಮಾಡಿತು ಎಂಬುದನ್ನು ದಾಖಲಿಸಬೇಕೇ ಹೊರತು ಸದಸ್ಯರು ಏನು ಹೇಳಿದರು ಎಂಬುದನ್ನಲ್ಲ ಎಂಬುದು ಅದರ ನಿಲುವು. ಕರಡು ನಮೂನೆ ಕೆಲಸ ಮಾಡುವುದು ಈ ನಿಲುವನ್ನು ಒಪ್ಪಿಕೊಂಡಾಗ ಮಾತ್ರ. ಸಭೆ ಏನೇನು ಮಾಡಬಹುದು ಎಂಬುದನ್ನು ಅಜೆಂಡಾದಿಂದ ಊಹಿಸಿ ಅದಕ್ಕೆ ಜಾಗ ಬಿಡಬಹುದು. ಜನ ಏನು ಮಾತಾಡುತ್ತಾರೆ ಎಂದು ಊಹಿಸುವುದು ಬ್ರಹ್ಮನಿಂದಲೂ ಆಗದು.

ಉಳಿದ ವಿಷಯಗಳಿಗೆ ಇಷ್ಟು ಜಾಗ ಬೇಕಿಲ್ಲ. ಹಿಂದಿನ ನಡಾವಳಿಯ ದೃಢೀಕರಣಕ್ಕೆ ಹಿಂದಿನ ಸಭೆಯ ದಿನಾಂಕ ತುಂಬಿ, ‘ತಿದ್ದುಪಡಿ: ಇಲ್ಲ / ಇದೆ ____’ ಎಂದು ಒಂದು ಸಾಲು ಬಿಟ್ಟರೆ ಆಯಿತು. ಜಮಾ-ಖರ್ಚಿಗೆ ತಿಂಗಳ ಆರಂಭದ ಶಿಲ್ಕು, ಜಮಾ, ಖರ್ಚು, ಕೊನೆಯ ಶಿಲ್ಕು ಎಂಬ ನಾಲ್ಕು ಮೊತ್ತಗಳನ್ನು ನಗದು ಪುಸ್ತಕದಿಂದ ಇಳಿಸಿಕೊಳ್ಳಬೇಕು. ನಿರ್ದೇಶಕರು ಪ್ರಶ್ನಿಸಿದ ಓಚರ್‌ಗಳ ಸಂಖ್ಯೆಗೆ ಎರಡು ಸಾಲು ಬಿಡಬೇಕು. ಸದಸ್ಯತ್ವದ ಅರ್ಜಿಗಳಿದ್ದರೆ ಪ್ರತಿ ಅರ್ಜಿದಾರರ ಹೆಸರಿನ ಮುಂದೆ ಒಪ್ಪಿಗೆ, ತಿರಸ್ಕಾರ, ಬಾಕಿ ಎಂಬ ಅಂಕಣಗಳು. ತಿರಸ್ಕಾರವಾದರೆ ಕಾರಣಕ್ಕೆ ಜಾಗ. ಮಹಾಸಭೆಗೆ ದಿನಾಂಕ, ವೇಳೆ, ಸ್ಥಳ ಎಂಬ ಮೂರು ಖಾಲಿ ಗೆರೆ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಮಹಾಸಭೆಯನ್ನು ಸೆಪ್ಟೆಂಬರ್ ದಾಟಿಸುವಂತಿಲ್ಲ ಎಂಬ ಟಿಪ್ಪಣಿಯನ್ನು ಪಕ್ಕದಲ್ಲಿ ಬರೆದಿಟ್ಟರೆ ದಿನಾಂಕದ ಚರ್ಚೆ ಬೇಗ ಮುಗಿಯುತ್ತದೆ.

ಇತರ ವಿಷಯಗಳಿಗೆ ಮಾತ್ರ ಮೂರು ಖಾಲಿ ಹಾಳೆ ಬೇಕು. ಪ್ರತಿಯೊಂದರಲ್ಲೂ ತೀರ್ಮಾನ, ಸೂಚಕ, ಅನುಮೋದಕ, ಜವಾಬ್ದಾರಿ, ಗಡುವು ಎಂಬ ಅದೇ ಗೆರೆಗಳು. ಅಜೆಂಡಾದಲ್ಲಿ ಇಲ್ಲದ ವಿಷಯ ಬಂದಾಗಲೇ ಬರೆಯುವವರು ಹೆಚ್ಚು ತಡವರಿಸುವುದು. ಖಾಲಿ ನಮೂನೆ ಕೈಯಲ್ಲಿದ್ದರೆ ಆ ವಿಷಯಕ್ಕೂ ಅದೇ ಪ್ರಶ್ನೆಗಳನ್ನು ಕೇಳುವುದು ಸಾಧ್ಯ.

ತಪ್ಪು ಬಳಕೆಯಲ್ಲಿ ಅತ್ಯಂತ ಕೆಟ್ಟದ್ದು ತೀರ್ಮಾನವನ್ನೇ ಮೊದಲು ಬರೆದಿಡುವುದು. ‘ಸಭೆಯು ಸರ್ವಾನುಮತದಿಂದ ಅಂಗೀಕರಿಸಿತು’ ಎಂಬ ವಾಕ್ಯ ಅಷ್ಟು ಪರಿಚಿತವಾದದ್ದು, ಅದು ಹೇಗೂ ಬರುತ್ತದೆಂದು ನಮೂನೆಯಲ್ಲೇ ಅಚ್ಚು ಮಾಡಿಬಿಡುವ ಚಪಲ ಹುಟ್ಟುತ್ತದೆ. ಒಂದು ದಿನ ಯಾರೋ ವಿರೋಧಿಸುತ್ತಾರೆ. ಬರೆಯುವವರು ಆ ವಾಕ್ಯವನ್ನು ತಿದ್ದಲು ಮರೆಯುತ್ತಾರೆ. ವಿರೋಧಿಸಿದವರು ಒಪ್ಪಿದಂತೆ ದಾಖಲಾಗುತ್ತದೆ. ಬೆನ್ನು ಹೊಲಿದ, ಪುಟಸಂಖ್ಯೆ ಹಾಕಿದ ನಡಾವಳಿ ಪುಸ್ತಕದಲ್ಲೇ ಹೀಗೆ ಮೊದಲು ಬರೆದಿಟ್ಟು ಸಹಿ ಹಾಕಿಸಿಕೊಳ್ಳುವುದಂತೂ ನಮೂನೆಯಲ್ಲ, ಸುಳ್ಳು ದಾಖಲೆ. ಕರಡು ಯಾವಾಗಲೂ ಬಿಡಿ ಹಾಳೆಯಲ್ಲಿರಬೇಕು, ಪುಸ್ತಕಕ್ಕೆ ಹೋಗುವುದು ಸಭೆಯ ನಂತರ.

ಕಂಪ್ಯೂಟರಿನಲ್ಲಿ ನಮೂನೆ ಮಾಡುವವರಿಗೆ ಬೇರೆ ಬಗೆಯ ಅಪಾಯವಿದೆ. ಕಳೆದ ತಿಂಗಳ ನಡಾವಳಿಯ ಕಡತವನ್ನೇ ತೆರೆದು, ದಿನಾಂಕ ಬದಲಿಸಿ, ಹೊಸದಾಗಿ ಉಳಿಸಿಕೊಳ್ಳುವ ಅಭ್ಯಾಸ ವ್ಯಾಪಕವಾಗಿದೆ. ಆಗ ಹಳೆಯ ಮೊತ್ತವೊಂದು, ಹಳೆಯ ಸೂಚಕರ ಹೆಸರೊಂದು ಎಲ್ಲೋ ಉಳಿದುಬಿಡುತ್ತದೆ. ಅದು ಖಾಲಿ ಜಾಗದಂತೆ ಕಣ್ಣಿಗೆ ಹೊಡೆಯುವುದಿಲ್ಲ, ಸರಿಯಾದ ವಾಕ್ಯದಂತೆಯೇ ಕಾಣುತ್ತದೆ. ಇದಕ್ಕೆ ಮದ್ದು, ತೀರ್ಮಾನಗಳಿಲ್ಲದ ಒಂದು ಮೂಲ ನಮೂನೆಯನ್ನು ಬೇರೆಯಾಗಿ ಇಟ್ಟುಕೊಳ್ಳುವುದು. ವರ್ಡ್‌ನಲ್ಲಿ ಅದನ್ನು `.dotx` ಎಂದು ಉಳಿಸಿದರೆ ಪ್ರತಿ ಸಲ ಡಬಲ್ ಕ್ಲಿಕ್ ಮಾಡಿ ತೆರೆದಾಗಲೂ ಹೊಸ ಪ್ರತಿಯೇ ಸಿಗುತ್ತದೆ, ಮೂಲ ಹಾಗೇ ಇರುತ್ತದೆ. ಖಾಲಿ ಜಾಗಗಳಿಗೆಲ್ಲ ಬೇರೆಲ್ಲೂ ಬಳಸದ ಒಂದೇ ಗುರುತು, ಉದಾಹರಣೆಗೆ `###`, ಹಾಕಿಡಬೇಕು. ನಡಾವಳಿ ಮುಗಿಸಿದ ಮೇಲೆ `Ctrl+F` ಒತ್ತಿ `###` ಹುಡುಕಿದರೆ ತುಂಬದೆ ಉಳಿದ ಜಾಗಗಳೆಲ್ಲ ಒಂದೊಂದಾಗಿ ಸಿಕ್ಕಿಬೀಳುತ್ತವೆ.

ನಮೂನೆ ಹದವಾಗಿದೆಯೇ ಎಂದು ತಿಳಿಯಲು ಮೂರ್ನಾಲ್ಕು ಸಭೆಗಳ ಕರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಯಾವ ಗೆರೆ ಒಮ್ಮೆಯೂ ತುಂಬಿಲ್ಲವೋ ಅದು ಬೇಡದ್ದು. ಅಂಚಿನಲ್ಲಿ ಅಡ್ಡಡ್ಡ ಬರೆದ ಸಂಗತಿ ಮತ್ತೆ ಮತ್ತೆ ಬರುತ್ತಿದ್ದರೆ ಅದಕ್ಕೆ ನಮೂನೆಯಲ್ಲಿ ಜಾಗ ಇಲ್ಲವೆಂದರ್ಥ. ಮೊದಲೇ ಅಚ್ಚಾದ ವಾಕ್ಯಗಳ ಮೇಲೆ ಹೊಡೆದುಹಾಕಿದ ಗೆರೆಗಳು ಹೆಚ್ಚಿದ್ದರೆ, ಊಹಿಸಬಾರದ್ದನ್ನು ಊಹಿಸಿ ಬರೆಯಲಾಗಿದೆ.

ಈ ಉಪಾಯ ಒಗ್ಗದ ಸಭೆಗಳೂ ಇವೆ. ಅಜೆಂಡಾ ಎಂದರೆ ‘ಸಾಮಾನ್ಯ ಚರ್ಚೆ’ ಎಂಬ ಒಂದೇ ಸಾಲು ಇರುವ ಸಭೆಗೆ ತುಂಬಿಡಲು ಏನೂ ಇರುವುದಿಲ್ಲ. ಒಬ್ಬೊಬ್ಬರ ಹೇಳಿಕೆಯನ್ನೂ ಯಥಾವತ್ತಾಗಿ ದಾಖಲಿಸಬೇಕಾದ ವಿಚಾರಣಾ ಸಭೆಗಳಲ್ಲಿ ಹಾಜರಾತಿ ಹಾಳೆಯೊಂದು ಉಪಯೋಗಕ್ಕೆ ಬಂದೀತು, ಉಳಿದದ್ದು ಬಾರದು. ಅಜೆಂಡಾವೇ ಮಸುಕಾಗಿದ್ದರೂ ಇದೇ ಗತಿ. ‘ಯಂತ್ರದ ಬಗ್ಗೆ’ ಎಂದಷ್ಟೇ ಇದ್ದರೆ ಖರೀದಿಯೋ ದುರಸ್ತಿಯೋ ತಿಳಿಯದೆ ಖಾಲಿ ಗೆರೆಗಳನ್ನೂ ಎಳೆಯಲಾಗದು. ನಮೂನೆ ಮಾಡಲು ಕೂತಾಗ ಈ ತೊಡಕು ಎದುರಾದರೆ, ತಿದ್ದಬೇಕಾದದ್ದು ಅಜೆಂಡಾವನ್ನು.

ಸಭೆ ಮುಗಿದ ದಿನವೇ, ನೆನಪು ಹಸಿಯಿರುವಾಗ, ಕರಡನ್ನು ಪೂರ್ತಿ ವಾಕ್ಯಗಳಿಗೆ ಇಳಿಸಬೇಕು. ಮೂವತ್ತು ಪದಗಳ ಗೀಚುಬರಹ ಆ ಸಂಜೆ ನಿಚ್ಚಳ, ಮೂರು ವಾರದ ನಂತರ ಒಗಟು. ಕಾನೂನು ಕೊಡುವ ಅವಧಿ ಇದಕ್ಕಿಂತ ಉದಾರವಾಗಿಯೇ ಇರುತ್ತದೆ. ಕಂಪನಿಗಳಿಗಾದರೆ 2013ರ ಕಂಪನಿ ಕಾಯ್ದೆಯ 118ನೇ ಕಲಮಿನ ಪ್ರಕಾರ ಸಭೆ ಮುಗಿದ 30 ದಿನಗಳೊಳಗೆ ನಡಾವಳಿ ಪುಸ್ತಕ ಸೇರಬೇಕು, ಪುಟಗಳಿಗೆ ಅನುಕ್ರಮವಾಗಿ ಸಂಖ್ಯೆ ಇರಬೇಕು. ಸಹಕಾರ ಸಂಘಗಳು ತಮ್ಮ ಬೈಲಾ ನೋಡಿಕೊಳ್ಳಬೇಕು. ಕರಡು ಹಾಳೆಗಳನ್ನು ಮಾತ್ರ, ಮುಂದಿನ ಸಭೆಯಲ್ಲಿ ನಡಾವಳಿ ಓದಿ ದೃಢೀಕರಣವಾಗುವವರೆಗೆ ಕಡತದಲ್ಲಿ ಇಟ್ಟುಕೊಳ್ಳುವುದು ಲೇಸು. ‘ನಾನು ಹಾಗೆ ಅಂದಿರಲಿಲ್ಲ’ ಎಂದು ಹತ್ತನೆಯ ನಿರ್ದೇಶಕರು ಆ ದಿನ ಎದ್ದು ನಿಂತರೆ, ಕೈಗೆ ಸಿಗುವುದು ಅದೊಂದೇ.